ಮಣ್ಣಿಗೆ ಹೋದಾಗ "ಎರಡು ಮಾತಾಡ್ರಿ" ಅಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ ಮಣ್ಣಿಗೆ ಹೋಗಿ ಬಂದವರಿಗೆ ಇದು ಗೊತ್ತಿರುತ್ತದೆ. ಅಯ್ಯನವರ ಕ್ರಿಯೆ ಮುಗಿದಿರುತ್ತದೆ, ಭಜನೆಯವರು ತಾಳ ಕೆಳಗಿಟ್ಟಿರುತ್ತಾರೆ, ಆಗ ಹಿರಿಯರೊಬ್ಬರು ಗುಂಪಿನತ್ತ ತಿರುಗಿ "ಸರ, ನೀವೊಂದೆರಡು ಮಾತಾಡ್ರಿ" ಎನ್ನುತ್ತಾರೆ. ಹಾಗೆ ಕೇಳಿಸಿಕೊಳ್ಳುವವರು ಸಾಮಾನ್ಯವಾಗಿ ಭಾಷಣಕಾರರಲ್ಲ. ಶಾಲೆಯ ಮೇಷ್ಟ್ರು, ತೀರಿಕೊಂಡವರ ಜೊತೆ ಕೆಲಸ ಮಾಡಿದವರು, ಸಂಘದ ಕಾರ್ಯದರ್ಶಿ, ಇಲ್ಲವೇ ಮನೆಯಲ್ಲಿ "ಓದಿದ ಹುಡುಗ" ಅನಿಸಿಕೊಂಡ ಅಳಿಯ. ಈ ಪ್ರಶ್ನೋತ್ತರ ಅವರಿಗಾಗಿ.

ನನ್ನನ್ನೇ ಯಾಕೆ ಕೇಳುತ್ತಾರೆ? ನನಗಿಂತ ದೊಡ್ಡವರು, ಚೆನ್ನಾಗಿ ಮಾತಾಡುವವರು ಅಲ್ಲೇ ಇರುತ್ತಾರಲ್ಲ?

ಚೆನ್ನಾಗಿ ಮಾತಾಡುವುದು ಅಲ್ಲಿ ಯಾರಿಗೂ ಬೇಕಿರುವುದಿಲ್ಲ. ತೀರಿಕೊಂಡವರನ್ನು ಮನೆಯವರು ಮನೆಯೊಳಗೆ ನೋಡಿರುತ್ತಾರೆ. ಅಪ್ಪ ಕೆಲಸದ ಜಾಗದಲ್ಲಿ ಹೇಗಿದ್ದ, ಅವ್ವ ಹೊಲದಲ್ಲಿ ನಾಟಿ ಮಾಡುವಾಗ ಓಣಿಯ ಹೆಂಗಸರ ಜೊತೆ ಹೇಗಿರುತ್ತಿದ್ದಳು ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಹೊರಗಿನವರೊಬ್ಬರು ತಮ್ಮವರನ್ನು ಕಂಡಿದ್ದರು, ಗುರುತಿಟ್ಟುಕೊಂಡಿದ್ದರು ಎಂದು ಕೇಳಬೇಕೆಂಬ ಆಸೆಯಿಂದ ನಿಮ್ಮನ್ನು ಕೇಳಿರುತ್ತಾರೆ. ಹಾಗಾಗಿ ನೀವು ಕೊಡಬೇಕಾದದ್ದು ಒಂದೇ: ನೀವು ನಿಮ್ಮ ಕಣ್ಣಾರೆ ಕಂಡದ್ದು. ಉಳಿದ ಪ್ರಶ್ನೆಗಳ ಉತ್ತರವೆಲ್ಲ ಇದರ ಮೇಲೇ ನಿಂತಿದೆ.

ಎಷ್ಟು ಹೊತ್ತು ಮಾತಾಡಬೇಕು?

ಒಂದು ನಿಮಿಷ. ನಾಲ್ಕೈದು ವಾಕ್ಯ. ಮನೆಯವರು ಬೆಳಗಿನಿಂದ ಏನೂ ತಿಂದಿರುವುದಿಲ್ಲ, ಮಣ್ಣು ಆಗುವವರೆಗೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ. ವಯಸ್ಸಾದವರು ನಿಂತೇ ಇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ, ನಮ್ಮ ರುದ್ರಭೂಮಿಗಳಲ್ಲಿ ನೆರಳೆಂದರೆ ಒಂದೆರಡು ಬೇವಿನ ಮರ, ಉಳಿದದ್ದು ಜಾಲಿ. ಸಂಜೆಯಾಗಿದ್ದರೆ ಹೊತ್ತು ಮುಳುಗುವುದರೊಳಗೆ ಮುಗಿಸುವ ಅವಸರ. ಎರಡನೇ ನಿಮಿಷಕ್ಕೆ ಬಂದರೆ ಜನ ನಿಮ್ಮನ್ನು ಕೇಳುವುದು ಬಿಟ್ಟು ಯಾವಾಗ ಮುಗಿಸುತ್ತೀರಿ ಎಂದು ಕಾಯುತ್ತಾರೆ.

ಸರಿ, ಆ ನಾಲ್ಕೈದು ವಾಕ್ಯದಲ್ಲಿ ಏನಿರಬೇಕು?

ಒಂದು ಉದಾಹರಣೆ ಹಿಡಿದು ಪೂರ್ತಿ ನೋಡೋಣ. ಕಾರಟಗಿ ಕಡೆಯ ಒಂದು ರೈಸ್ ಮಿಲ್. ಅಲ್ಲಿ ಕಾಟಾ ನೋಡಿಕೊಳ್ಳುತ್ತಿದ್ದ ಗುಮಾಸ್ತರೊಬ್ಬರು ರಾತ್ರಿ ಎದೆನೋವು ಬಂದು ತೀರಿಕೊಂಡರು. ಲಿಂಗಾಯತರ ಮನೆ, ಮರುದಿನ ಮಧ್ಯಾಹ್ನ ಅವರದೇ ಹೊಲದಲ್ಲಿ ಮಣ್ಣು. ಕ್ರಿಯೆ ಮುಗಿದ ಮೇಲೆ ಮಿಲ್ಲಿನ ಸಾವುಕಾರರು ಪಕ್ಕದ ಟೇಬಲಿನಲ್ಲಿ ಲೆಕ್ಕ ಬರೆಯುವ ಹುಡುಗನತ್ತ ತಿರುಗಿ, "ದಿನಾ ಜೊತಿಗೆ ಇದ್ದಾವ ನೀನ, ಎರಡು ಮಾತು ಹೇಳಪಾ" ಅಂದರು.

ಅವನ ಬಾಯಿಗೆ ಮೊದಲು ಬರುವುದು ಎಲ್ಲರ ಬಾಯಿಗೂ ಬರುವ ಮಾತೇ. "ಶ್ರೀಯುತರು ಸರಳ ಸಜ್ಜನಿಕೆಯ ವ್ಯಕ್ತಿಯಾಗಿದ್ದರು. ಅಜಾತಶತ್ರುವಾಗಿದ್ದರು. ಅವರ ಅಗಲಿಕೆ ನಮಗೆಲ್ಲ ತುಂಬಲಾರದ ನಷ್ಟ. ಭಗವಂತ ಅವರ ಆತ್ಮಕ್ಕೆ ಚಿರಶಾಂತಿ ನೀಡಲಿ." ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ನಿನ್ನೆ ಇನ್ನೊಬ್ಬರಿಗೆ ಹೇಳಿದ್ದೂ ಇದೇ, ನಾಳೆ ಹೇಳುವುದೂ ಇದೇ. ಹೆಂಡತಿಗೆ, ಮಕ್ಕಳಿಗೆ ಇದರಲ್ಲಿ ತಮ್ಮವರು ಎಲ್ಲೂ ಸಿಗುವುದಿಲ್ಲ.

ಈಗ ಅವನು ಕಂಡದ್ದೇನು ಎಂದು ಹುಡುಕೋಣ. ಸುಗ್ಗಿಯಲ್ಲಿ ಆ ಮಿಲ್ಲಿನ ಮುಂದೆ ಭತ್ತದ ಟ್ರ್ಯಾಕ್ಟರುಗಳು ಸಾಲಾಗಿ ನಿಲ್ಲುತ್ತವೆ. ತುಂಬಿದ ಗಾಡಿಯನ್ನು ಒಮ್ಮೆ, ಭತ್ತ ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ ಕಾಟಾ ಮೇಲೆ ಹತ್ತಿಸಿ ಚೀಟಿ ಕೊಡುತ್ತಾರೆ. ರೈತನ ಆರು ತಿಂಗಳ ದುಡಿಮೆ ಆ ಚೀಟಿಯ ಒಂದು ಅಂಕಿಯಲ್ಲಿರುತ್ತದೆ. ಎಷ್ಟೋ ಕಡೆ ಚೀಟಿಯನ್ನು ಮಡಚಿ ಕೈಗೆ ತುರುಕಿ "ಮುಂದ ನಡಿ" ಅನ್ನುತ್ತಾರೆ. ಈ ಗುಮಾಸ್ತರು ಮಾತ್ರ ಅಂಕಿಯನ್ನು ಜೋರಾಗಿ ಓದಿ ಹೇಳುತ್ತಿದ್ದರು, ಓದಲು ಬರದವರು ಬಂದರೆ ಅವರ ಬೆರಳು ಹಿಡಿದು ಅಂಕಿಯ ಮೇಲಿಟ್ಟು ತೋರಿಸುತ್ತಿದ್ದರು. ಹುಡುಗ ಇದನ್ನು ದಿನವೂ ನೋಡಿದ್ದಾನೆ. ನೋಡಿ ನೋಡಿ ಅದು ಹೇಳುವಂಥ ಸಂಗತಿ ಎಂದೇ ಅವನಿಗೆ ಅನಿಸಿಲ್ಲ.

ಅವನು ಹೇಳಬೇಕಾದದ್ದು ಇಷ್ಟೇ:

"ನಾನು ಮಿಲ್ಲಿನ್ಯಾಗ ಅಣ್ಣಾರ ಬಾಜು ಟೇಬಲ್ಲಿಗೆ ಕುಂದರ್ತೀನ್ರಿ. ಕಾಟಾ ಚೀಟಿ ಕೊಡೂಕಿಂತ ಮದ್ಲು ಅಣ್ಣಾರು ಅದನ್ನ ಜೋರಾಗಿ ಓದತಿದ್ರು. ಓದಾಕ ಬರಲಾರದವ್ರು ಬಂದ್ರ ಅವರ ಬೆರಳು ಹಿಡಿದು ಅಂಕಿ ಮ್ಯಾಲ ಇಟ್ಟು, 'ಇದು ನಿನ್ನ ತೂಕ, ನೋಡ್ಕೊ' ಅಂತಿದ್ರು. ಸುಗ್ಗ್ಯಾಗ ಹೊರಗ ಟ್ರ್ಯಾಕ್ಟರ್ ಸಾಲು ನಿಂತಾಗೂ ಅದನ್ನ ಬಿಡಲಿಲ್ಲ. ಅಕ್ಕಾರ, ಅವರ ಕೈಯಿಂದ ಚೀಟಿ ಇಸ್ಕೊಂಡ ರೈತರು ಇವತ್ತು ಇಲ್ಲಿ ಬಾಳ ಮಂದಿ ನಿಂತಾರ. ಅಣ್ಣಾರಿಗೆ ಶರಣು."

ಮೊದಲ ವಾಕ್ಯ ತಾನು ಯಾರು, ಅವರಿಗೇನಾಗಬೇಕು ಎಂದು ಹೇಳುತ್ತದೆ. ಗುಂಪಿನಲ್ಲಿ ಅರ್ಧ ಜನಕ್ಕೆ ಅವನ ಪರಿಚಯವಿಲ್ಲ. ಹೆಸರು ಹೇಳದಿದ್ದರೂ ನಡೆಯುತ್ತದೆ, ಆದರೆ ಸಂಬಂಧ ಹೇಳದಿದ್ದರೆ ಮುಂದಿನ ಮಾತಿಗೆ ತೂಕ ಬರುವುದಿಲ್ಲ. ನಡುವಿನ ಮಾತುಗಳು ಕಂಡ ಸಂಗತಿ. ಅಲ್ಲಿ "ಪ್ರಾಮಾಣಿಕ" ಅನ್ನುವ ಪದವೇ ಇಲ್ಲ, ಬೆರಳು ಹಿಡಿದದ್ದನ್ನು ಕೇಳಿದ ಮೇಲೆ ಅದು ಬೇಕಾಗುವುದೂ ಇಲ್ಲ. ಅವರು ಆಡುತ್ತಿದ್ದ ಮಾತನ್ನು ಅವರ ಮಾತಿನಲ್ಲೇ ಹೇಳಿದ್ದರಿಂದ ಆ ದನಿ ಮನೆಯವರಿಗೆ ಮತ್ತೊಮ್ಮೆ ಕೇಳಿಸುತ್ತದೆ. ಐದನೆಯ ವಾಕ್ಯ ಹೆಂಡತಿಯ ಕಡೆ ತಿರುಗಿ ಹೇಳಿದ್ದು. ಸಮಾಧಾನ ಮಾಡಿಕೊಳ್ಳಿ ಎಂದು ಅವನು ಹೇಳುತ್ತಿಲ್ಲ, ಸುತ್ತ ನಿಂತವರನ್ನು ತೋರಿಸುತ್ತಿದ್ದಾನೆ. ಕೊನೆಗೆ ಶರಣು ಅಂದು ಹಿಂದೆ ಸರಿಯುತ್ತಾನೆ. "ಇಷ್ಟು ಹೇಳಿ ನನ್ನ ಎರಡು ಮಾತನ್ನು ಮುಗಿಸುತ್ತೇನೆ" ಎಂಬ ಸಭೆಯ ಮಾತು ಅಲ್ಲಿ ಬೇಡ.

ಒಂದೇ ಸಂಗತಿ ಹೇಳಿದ್ದನ್ನೂ ಗಮನಿಸಿ. ಆ ಹುಡುಗನಿಗೆ ಇನ್ನೂ ನಾಲ್ಕು ನೆನಪಿರಬಹುದು. ನಾಲ್ಕನ್ನೂ ಹೇಳಿದರೆ ಮನೆಗೆ ಹೋದ ಮೇಲೆ ಯಾರಿಗೂ ಒಂದೂ ನೆನಪಿರುವುದಿಲ್ಲ.

ಗಾಬರಿಯಲ್ಲಿ ಅಂಥ ಒಂದು ಸಂಗತಿಯೂ ಹೊಳೆಯದಿದ್ದರೆ?

"ಇವರು ಎಂಥವರು" ಎಂದು ನಿಮ್ಮನ್ನೇ ಕೇಳಿಕೊಂಡರೆ ಒಳ್ಳೆಯವರು, ದೊಡ್ಡ ಮನಸ್ಸಿನವರು ಎಂಬ ಉತ್ತರವೇ ಬರುತ್ತದೆ. ಅದರ ಬದಲು ಅವರ ಕೈ ಏನು ಮಾಡುತ್ತಿತ್ತು, ಬಾಯಲ್ಲಿ ಯಾವ ಮಾತು ಮತ್ತೆ ಮತ್ತೆ ಬರುತ್ತಿತ್ತು, ದಿನಾ ಎಲ್ಲಿ ಕೂರುತ್ತಿದ್ದರು ಎಂದು ಕೇಳಿಕೊಳ್ಳಿ. ಕೈ, ಬಾಯಿ, ಜಾಗ. ಮೂರರಲ್ಲಿ ಒಂದಾದರೂ ತಟ್ಟನೆ ಕಣ್ಣಿಗೆ ಬರುತ್ತದೆ. ರೊಟ್ಟಿ ಬಡಿಯುವಾಗ ಬಾಗಿಲಿಗೆ ಯಾರೇ ಬಂದರೂ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೈಗಿಡುತ್ತಿದ್ದ ಅವ್ವ. ಯಾರು ಮನೆ ಕಟ್ಟಲು ಶುರು ಮಾಡಿದರೂ "ಪಾಯ ಬಿಗಿ ಇರ್ಲಿ" ಎನ್ನುತ್ತಿದ್ದ ಗೌಂಡಿ. ಬಸ್ ಸ್ಟ್ಯಾಂಡಿನ ಅದೇ ಕಲ್ಲುಬೆಂಚಿನ ಮೇಲೆ ಕೂತು ಹಳ್ಳಿಯಿಂದ ಬಂದವರಿಗೆ ಯಾವ ಬಸ್ ಎಲ್ಲಿಗೆ ಎಂದು ಹೇಳುತ್ತಿದ್ದ ನಿವೃತ್ತ ಕಂಡಕ್ಟರ್.

ನಿಮ್ಮನ್ನು ಕೇಳಬಹುದು ಅನಿಸಿದರೆ ಮನೆಯಿಂದ ವಿಮಾನ ಎತ್ತಿ ಹೊರಟಾಗಲೇ ಒಂದು ಸಂಗತಿ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಿ. ಪೂರ್ತಿ ಮಾತು ಜೋಡಿಸಬೇಕಾಗಿಲ್ಲ. ಆ ಚಿತ್ರ ಕಣ್ಣಮುಂದಿದ್ದರೆ ಮಾತು ತಾನಾಗಿ ಹಿಂದೆ ಬರುತ್ತದೆ.

ನನಗೆ ಅವರ ಪರಿಚಯವೇ ಕಡಿಮೆ. ಮಗನ ಗೆಳೆಯನೆಂದು ಬಂದವನು ನಾನು. ಏನು ಹೇಳಲಿ?

ಇದ್ದಷ್ಟನ್ನೇ ಹೇಳಿ. "ನಾನು ಇವರನ್ನು ಹೆಚ್ಚು ಬಲ್ಲವನಲ್ಲ, ಇವರ ಮಗನ ಜೊತಿ ಓದಿದವ. ಹಾಸ್ಟೆಲ್ಲಿಗೆ ಅವನು ತರತಿದ್ದ ಬುತ್ತಿಯೊಳಗ ನನಗೂ ಒಂದು ಪಾಲು ಕಟ್ಟಿ ಕಳಸತಿದ್ರು. ಆ ಅವ್ವನ ಕೈ ಊಟ ಉಂಡವ ಅಂತ ಇಲ್ಲಿ ನಿಂತೀನಿ. ನಮಸ್ಕಾರ ಅವ್ವಾ." ಇದು ಸಾಕು. ಕಡಿಮೆ ಪರಿಚಯವನ್ನು ಮುಚ್ಚಿಡಲು ದೊಡ್ಡ ಮಾತು ಸೇರಿಸಿದಾಗಲೇ ಕೇಳುವವರಿಗೆ ಅದು ಟೊಳ್ಳು ಎಂದು ಗೊತ್ತಾಗುತ್ತದೆ.

ಒಂದು ಸಲವೂ ನೋಡಿಲ್ಲದಿದ್ದರೆ ಮಗನ ಬಾಯಿಂದ ಕೇಳಿದ್ದನ್ನು ಹೇಳಿ, ಕೇಳಿದ್ದು ಎಂದೇ ಹೇಳಿ. ಅಪ್ಪನ ಬಗ್ಗೆ ತಾನು ಎಂದೋ ಆಡಿದ ಮಾತನ್ನು ಗೆಳೆಯ ನೆನಪಿಟ್ಟಿದ್ದಾನೆ ಅನ್ನುವುದೇ ಆ ಮಗನಿಗೆ ದೊಡ್ಡದು.

ಯಾವ ಹೊತ್ತಿಗೆ ಮಾತಾಡಬೇಕು? ಕ್ರಿಯೆಗೆ ಮುಂಚೆಯೋ, ಆಮೇಲೋ?

ಹೂಳುವ ಕಡೆ: ಲಿಂಗಾಯತರಲ್ಲಿ ಗುಣಿಯೊಳಗೆ ಕೂರಿಸಿ, ವಿಭೂತಿ, ಪತ್ರಿ ಇಟ್ಟು ಅಯ್ಯನವರು ಕ್ರಿಯೆ ನಡೆಸುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಯಾರಾದರೂ ಅವಸರಪಟ್ಟು ಆಗಲೇ ಕರೆದರೂ "ಅಯ್ಯಾರದು ಮುಗೀಲಿ" ಅನ್ನಿ. ಎಲ್ಲರೂ ಹಿಡಿಮಣ್ಣು ಹಾಕಿ, ಗುಣಿ ಮುಚ್ಚಿ, ಮೇಲೆ ಹೂವು, ಪತ್ರಿ ಇಟ್ಟ ಮೇಲೆ ಒಂದು ಬಿಡುವು ತಾನಾಗಿ ಬರುತ್ತದೆ. ಆ ಹೊತ್ತು ಸರಿಯಾದದ್ದು.

ಸುಡುವ ಕಡೆ ಲೆಕ್ಕ ಬೇರೆ. ಮಗ ಕೊಡ ಹೊತ್ತು ಸುತ್ತು ಬಂದು, ಕೊಡ ಒಡೆದು, ಬೆಂಕಿ ಕೊಟ್ಟ ಮೇಲೆ ಜನ ಹಿಂದೆ ಸರಿಯುತ್ತಾರೆ, ಹೊಗೆ, ಬೆಂಕಿಯ ಸದ್ದು, ಕಾವು. ಆಗ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ, ಮನೆಯವರ ಕಣ್ಣು, ಮನಸ್ಸು ಎರಡೂ ಬೆಂಕಿಯ ಮೇಲಿರುತ್ತವೆ. ಆದ್ದರಿಂದ ಕಟ್ಟಿಗೆ ಜೋಡಿಸುವ ಹೊತ್ತಿನಲ್ಲಿ, ಪುರೋಹಿತರು ಶುರು ಮಾಡುವ ಮುಂಚೆ ಹೇಳಿ ಮುಗಿಸುವುದು ಮೇಲು. ಅದು ತಪ್ಪಿದರೆ ಎಲ್ಲರೂ ಕೈಕಾಲು ತೊಳೆಯಲು ಹೊರಬಂದಾಗ ಗೇಟಿನ ಹತ್ತಿರ ಹೇಳಬಹುದು.

ಖಬರಸ್ತಾನದಲ್ಲಿ ಮಣ್ಣು ಕೊಟ್ಟಾದ ಮೇಲೆ ನಡೆಯುವುದು ದುವಾ. ಅಲ್ಲಿ ನೀವಾಗಿ ಮುಂದೆ ಬಂದು ಮಾತಾಡಬೇಡಿ. ಮನೆಯವರೇ ಕೇಳಿದರೆ ದುವಾ ಮುಗಿದು ಹೊರಬಂದ ಮೇಲೆ, ಜಮಾತಿನ ಹಿರಿಯರನ್ನು ಒಂದು ಮಾತು ಕೇಳಿ, ಹೇಳಿ. ಕ್ರೈಸ್ತರ ಸಮಾಧಿಯಲ್ಲಿ ಪಾದ್ರಿಗಳು ಅಥವಾ ಪಾಸ್ಟರ್ ಅವರೇ ಕರೆಯುತ್ತಾರೆ, ಅವರ ಪ್ರಾರ್ಥನೆಯ ಕ್ರಮದೊಳಗೆ ನಿಮಗೆ ಒಂದು ಜಾಗವಿರುತ್ತದೆ.

ಎಲ್ಲಿ ನಿಲ್ಲಬೇಕು? ಮೈಕ್ ಇರುವುದಿಲ್ಲ, ದನಿ ಕೇಳುತ್ತದೆಯೇ?

ಮನೆಯವರಿಗೆ ಕೇಳಿದರೆ ಸಾಕು. ಅವರಿಂದ ಐದಾರು ಹೆಜ್ಜೆ ದೂರದಲ್ಲಿ, ಅವರಿಗೆ ನಿಮ್ಮ ಮುಖ ಕಾಣುವಂತೆ ನಿಂತುಕೊಳ್ಳಿ. ಸಮಾಧಿಗೆ ಬೆನ್ನು ಮಾಡದೆ ಪಕ್ಕಕ್ಕೆ ನಿಲ್ಲಿ. ಟವೆಲ್ಲು ತಲೆಗೆ ಸುತ್ತಿದ್ದರೆ ತೆಗೆದು ಹೆಗಲಿಗೆ ಹಾಕಿಕೊಳ್ಳಿ (ಖಬರಸ್ತಾನದಲ್ಲಿ ಮಾತ್ರ ತಲೆಯ ಮೇಲೆ ಬಟ್ಟೆ ಇರಲಿ). ಹಲಗೆ ಬಾರಿಸುತ್ತಿದ್ದರೆ ಅದರ ಮೇಲೆ ಕೂಗಲು ಹೋಗಬೇಡಿ, ಹಿರಿಯರೊಬ್ಬರಿಗೆ ಹೇಳಿದರೆ ಅವರು ಕೈ ಎತ್ತುತ್ತಾರೆ, ಬಾರಿಸುವವರು ನಿಲ್ಲಿಸುತ್ತಾರೆ.

ಈಗ ಯಾರಾದರೂ ಒಬ್ಬರು ಮೊಬೈಲ್ ಹಿಡಿದೇ ಇರುತ್ತಾರೆ. ದುಬೈಯಲ್ಲೋ ಬೆಂಗಳೂರಲ್ಲೋ ಇರುವ ಮಗಳಿಗೆ ಅದು ಬೇಕಾಗಿರಬಹುದು, ಬೈಯಬೇಡಿ. ಆದರೆ ಮೊಬೈಲಿಗೆ ಮುಖ ಕೊಟ್ಟು ಮಾತಾಡಬೇಡಿ. ಎಂ.ಎಲ್.ಎ. ಬಂದಿದ್ದರೂ ಅವರ ಹೆಸರಿನಿಂದ ಶುರು ಮಾಡಬೇಡಿ. ಅಂದು ಅಲ್ಲಿ ಹೇಳಬೇಕಾದ ಹೆಸರು ಒಂದೇ.

ಮನೆಮಾತಿನಲ್ಲಿ ಹೇಳಬೇಕೋ, ಪುಸ್ತಕದ ಕನ್ನಡದಲ್ಲೋ?

ನೀವು ತೀರಿಕೊಂಡವರ ಜೊತೆ ಯಾವ ಮಾತಿನಲ್ಲಿ ಮಾತಾಡುತ್ತಿದ್ದಿರೋ ಅದರಲ್ಲಿ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ರಾಯಚೂರು, ಕೊಪ್ಪಳದ ಕಡೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಮಗೆ ಹೊಸದಲ್ಲ. ಸಿಂಧನೂರಿನ ಕ್ಯಾಂಪಿನ ತೆಲುಗು ಮನೆಯ ಅಜ್ಜಿಯ ಜೊತೆ ಜೀವನವೆಲ್ಲ ತೆಲುಗಿನಲ್ಲಿ ಮಾತಾಡಿದವರು ಅವಳ ಮುಂದೆ ಗ್ರಾಂಥಿಕ ಕನ್ನಡ ಆಡಿದರೆ ಅದು ನಿಮ್ಮ ದನಿಯೇ ಆಗಿರುವುದಿಲ್ಲ. ಸಂಗತಿಯನ್ನು ಕನ್ನಡದಲ್ಲಿ ಹೇಳಿ, ಅವರಾಡಿದ ಮಾತನ್ನು ಮಾತ್ರ ಅವರ ಭಾಷೆಯಲ್ಲೇ ಹೇಳುವುದೂ ಚೆನ್ನ.

ಯಾವ ಮಾತುಗಳು ನೋಯಿಸುತ್ತವೆ?

"ಅತ್ತು ಏನು ಮಾಡೋದು, ಧೈರ್ಯ ತಗೋರಿ." ಅಳಲೆಂದೇ ಬಂದಿರುವವರಿಗೆ ಅಳಬೇಡಿ ಎನ್ನುವುದು ಸಲ್ಲದು.

"ದೇವರಿಗೆ ಒಳ್ಳೆಯವರೇ ಬೇಕು." ಇದನ್ನು ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಎಂಟು ವರ್ಷದ ಮಗುವನ್ನು ಕಂಕುಳಿಗೆ ಒತ್ತಿಕೊಂಡು ನಿಂತ ತಾಯಿಗೆ, ನಮಗೂ ಅವರೇ ಬೇಕಿತ್ತಲ್ಲ ಅನಿಸದೆ ಇರುತ್ತದೆಯೇ? ಶರಣರ ಸಾವಿಗೆ ಹೇಳುವ "ಮರಣವೇ ಮಹಾನವಮಿ" ಎಂಬ ಮಾತಿಗೂ ಇದೇ ಮಿತಿ. ತೊಂಬತ್ತು ದಾಟಿ, ಮೊಮ್ಮಕ್ಕಳ ಮಕ್ಕಳನ್ನು ಕಂಡು, ಭಜನೆ ಕೇಳುತ್ತಾ ಹೋದ ಹಿರಿಯರಿಗೆ ಅದು ಒಪ್ಪುತ್ತದೆ. ಮೂವತ್ತರ ಗಂಡನ ಸಮಾಧಿಯ ಮುಂದೆ ಒಪ್ಪುವುದಿಲ್ಲ.

"ನಿನ್ನೆ ಆಸ್ಪತ್ರೆಗೆ ಬೇಗ ಒಯ್ದಿದ್ದರೆ" ಎಂಬ ಮಾತು ಯಾವ ರೂಪದಲ್ಲೂ ಬರಬಾರದು. ಮನೆಯವರು ರಾತ್ರಿಯಿಡೀ ಅದನ್ನೇ ನೆನೆನೆನೆದು ಬೆಂದಿರುತ್ತಾರೆ. ಆಸ್ಪತ್ರೆಯಿಂದ ಬಂದವರು "ಬಾಡಿ" ಅನ್ನುವುದು ರೂಢಿಯಾಗಿದೆ. ನಿಮ್ಮ ಮಾತಿನಲ್ಲಿ ಅದು ಬರದಿರಲಿ, ಅಣ್ಣ, ಕಾಕಾ, ಅವ್ವ, ಮೇಷ್ಟ್ರು, ಬದುಕಿದ್ದಾಗ ಏನನ್ನುತ್ತಿದ್ದಿರೋ ಅದನ್ನೇ ಅನ್ನಿ.

ಅಪಘಾತ ಅಥವಾ ಆತ್ಮಹತ್ಯೆಯಾಗಿದ್ದರೆ?

ಹೇಗೆ ಸತ್ತರು ಎಂಬುದರ ಹತ್ತಿರವೇ ಹೋಗಬೇಡಿ. ಇಂಥ ಸಾವಿನಲ್ಲಿ ಪೋಸ್ಟ್‌ಮಾರ್ಟಮ್ ಆಗಿ ಮನೆಗೆ ಬರುವುದರೊಳಗೆ ಮನೆಯವರು ಪೊಲೀಸರಿಗೆ, ನೆಂಟರಿಗೆ, ಓಣಿಯವರಿಗೆ ಹೇಳಿ ಹೇಳಿ ಸೋತಿರುತ್ತಾರೆ. ಕಾರಣ ಹುಡುಕುವುದು, ಸಾಲ ಎನ್ನುವುದು, ಲಾರಿಯವನನ್ನು ಬೈಯುವುದು, "ಹಿಂಗ ಮಾಡಬಾರದಿತ್ತು" ಎನ್ನುವುದು, ಯಾವುದೂ ಬೇಡ. ಪೊಲೀಸ್ ಕೇಸು ನಡೆಯುತ್ತಿರುವಾಗ ನಾಲ್ಕು ಜನರ ಮುಂದೆ ಆಡಿದ ಮಾತು ಬೇರೆ ದಾರಿ ಹಿಡಿಯುವುದೂ ಉಂಟು.

ಆ ಮನುಷ್ಯ ಬದುಕಿದ ದಿನಗಳು ಸತ್ತ ದಿನಕ್ಕಿಂತ ಬಹಳ ಹೆಚ್ಚು. ಅವುಗಳಿಂದ ಒಂದನ್ನು ಎತ್ತಿ ಹೇಳಿ. ಹತ್ತಿ ಬಿಡಿಸುವ ಕಾಲದಲ್ಲಿ ಆಳುಗಳಿಗಿಂತ ಮೊದಲು ಹೊಲದಲ್ಲಿರುತ್ತಿದ್ದ, ಎತ್ತಿನ ಮೈ ತೊಳೆಯದೆ ತಾನು ಉಣ್ಣುತ್ತಿರಲಿಲ್ಲ ಎಂದು ಹೇಳಿದರೆ ಆ ಮನೆಯವರಿಗೆ ತಮ್ಮವನು ಮತ್ತೆ ಸಿಗುತ್ತಾನೆ. ಆತ್ಮಹತ್ಯೆಯ ಮನೆಯವರು ನಾಚಿಕೆ, ತಪ್ಪಿನ ಭಾವ ಎರಡನ್ನೂ ಹೊತ್ತು ತಲೆತಗ್ಗಿಸಿ ನಿಂತಿರುತ್ತಾರೆ, ಅವರ ಮುಂದೆ ನಿಂತು ಅವರವನನ್ನು ಗೌರವದಿಂದ ಹೆಸರು ಹಿಡಿದು ಕರೆಯುವುದು ಬಹಳ ದೊಡ್ಡ ಕೆಲಸ.

ಮಗು ತೀರಿಕೊಂಡಾಗ ನಿಮ್ಮನ್ನು ಕೇಳುವುದೇ ಕಡಿಮೆ. ಕೇಳಿದರೆ ಎರಡೇ ವಾಕ್ಯ: ಮಗುವಿನ ಹೆಸರು, ಅದು ಮಾಡುತ್ತಿದ್ದ ಒಂದು ಆಟ.

ಅವರು ಒಳ್ಳೆಯವರಾಗಿರಲಿಲ್ಲ. ಕುಡಿತ, ಜಗಳ, ಮನೆಯವರಿಗೂ ಗೊತ್ತು. ನಾನು ಸುಳ್ಳು ಹೇಳಲೇ?

ಬೇಡ. ದೇವರಂಥ ಮನುಷ್ಯ ಎಂದರೆ ಏಟು ತಿಂದ ಹೆಂಡತಿಯ ಮುಂದೆ ನೀವು ಅವಳ ನೋವನ್ನೇ ಸುಳ್ಳು ಮಾಡಿದಂತೆ. ಹಾಗೆಂದು ತೀರಿಕೊಂಡವರ ತಪ್ಪು ಎಣಿಸುವ ಜಾಗವೂ ಅದಲ್ಲ. ನಡುವೆ ಒಂದು ಕಿರಿದಾದ ದಾರಿ ಇದೆ, ನಿಜವಾದ ಒಂದು ಸಣ್ಣ ಸಂಗತಿ. "ಇಂಜಿನ್ ರಿಪೇರಿ ಮಾಡೋದ್ರಾಗ ಇವನ ಕೈ ಕೈಯಿ. ನಮ್ಮ ಹೊಲದ ಪಂಪ್‌ಸೆಟ್ಟು ಇವತ್ತಿಗೂ ಇವ ಮಾಡಿಕೊಟ್ಟಂಗ ನಡೀತೈತಿ. ಇವನ ಹೆಂಡ್ತಿ ಮಕ್ಕಳು ಬಾಳ ಕಷ್ಟದಾಗ ಮನಿ ನಡಿಸ್ಯಾರ, ಅವರ ಬೆನ್ನಿಗೆ ನಾವು ಓಣಿಯವರು ಇರಬೇಕು." ಇದರಲ್ಲಿ ಹೊಗಳಿಕೆ ಅವನ ಕೆಲಸದ ಮಟ್ಟಿಗೆ ನಿಂತಿದೆ, ಹೆಂಡತಿಯ ಪಾಡೂ ಮರೆಯಾಗಿಲ್ಲ. ನಿಮಗೂ ಅವರಿಗೂ ಮಾತು ಬಿಟ್ಟಿದ್ದರೆ ಅದನ್ನು ಅಲ್ಲಿ ತೆಗೆಯಬೇಡಿ, ಕ್ಷಮಿಸಿದೆ ಎಂದೂ ಹೇಳಬೇಡಿ. ಬಂದು ನಿಂತದ್ದರಲ್ಲೇ ಅದು ಎಲ್ಲರಿಗೂ ಕಾಣುತ್ತದೆ.

ನಡುವೆ ಅಳು ಬಂದರೆ?

ಬರಲಿ. ನಿಲ್ಲಿಸಿ, ಉಸಿರು ತೆಗೆದುಕೊಳ್ಳಿ, ಯಾರಾದರೂ ನೀರು ಕೊಟ್ಟರೆ ಕುಡಿಯಿರಿ. ಕ್ಷಮಿಸಿ ಎನ್ನುವ ಅಗತ್ಯವಿಲ್ಲ. ಮತ್ತೆ ಶುರು ಮಾಡುವಾಗ ಬಿಟ್ಟಲ್ಲಿಂದ ಹಿಡಿಯಲು ಹೆಣಗಬೇಡಿ, ನೇರ ಕೊನೆಯ ವಾಕ್ಯಕ್ಕೆ ಬನ್ನಿ. ಅದಕ್ಕೇ ಕೊನೆಯ ವಾಕ್ಯ ಮಾತ್ರ ಮೊದಲೇ ಗಟ್ಟಿಯಾಗಿರಬೇಕು: "ಅಣ್ಣಾರಿಗೆ ಶರಣು", "ಅವ್ವಾ, ನಮಸ್ಕಾರ", ಅಥವಾ ಕೈ ಮುಗಿಯುವುದೊಂದೇ. ಮಾತು ಪೂರ್ತಿಯಾಗಲಿಲ್ಲವೆಂದು ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

ವಚನವನ್ನೋ, ದಾಸರ ಪದವನ್ನೋ ಹೇಳಿದರೆ ಒಳ್ಳೆಯದಲ್ಲವೇ?

ತೀರಿಕೊಂಡವರು ತಾವೇ ಅದನ್ನು ಹೇಳುತ್ತಿದ್ದರೆ, ಹಾಡುತ್ತಿದ್ದರೆ, ಹೇಳಿ. "ಅಜ್ಜಾರು ಬೆಳಿಗ್ಗೆ ಎದ್ದು ಈ ವಚನ ಅಂತಿದ್ರು" ಎಂದರೆ ಅದು ಅವರದೇ ಸಂಗತಿ ಆಗುತ್ತದೆ. ಹಾಗಿಲ್ಲದೆ ಮಾತಿಗೆ ಮೆರುಗು ಕೊಡಲು ತಂದದ್ದು ನಡುವೆ ಮರೆತುಹೋದರೆ ನಿಮಗೂ ಮುಜುಗರ, ಕೇಳುವವರಿಗೂ ಕಸಿವಿಸಿ. ಭಜನೆಯವರು ಹೇಗೂ ಇದ್ದಾರೆ, ಆ ಪಾಲು ಅವರಿಗಿರಲಿ.

"ಮಕ್ಕಳನ್ನು ನಾವು ಓದಿಸುತ್ತೇವೆ" ಎಂದು ಹೇಳಬಹುದೇ?

ಮರುದಿನ ಬೆಳಿಗ್ಗೆ ಮಾಡುವಿರಾದರೆ ಮಾತ್ರ. ಆ ಜಾಗದಲ್ಲಿ ಆಡಿದ ಮಾತನ್ನು ಮನೆಯವರು ವರ್ಷಗಟ್ಟಲೆ ನೆನಪಿಡುತ್ತಾರೆ, ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ದಾರಿ ನೋಡುತ್ತಾರೆ. ಕೊಡುವ ಮನಸ್ಸಿದ್ದರೆ ಮಾತಾಡದೆ, ಒಂದು ವಾರ ಬಿಟ್ಟು ಮನೆಗೆ ಹೋಗಿ ಕೊಡಿ. ಹೇಳಲೇಬೇಕೆನಿಸಿದರೆ ಸಣ್ಣದನ್ನು, ದಿನ ಗೊತ್ತುಮಾಡಿ ಹೇಳಿ: "ಸೋಮವಾರ ಪಿಎಫ್ ಕಾಗದ ತಗೊಂಡು ನಾನು ಮನಿಗೆ ಬರ್ತೀನಿ." ತೀರಿಕೊಂಡವರು ಯಾರಿಗೆ ಎಷ್ಟು ಕೊಡಬೇಕಿತ್ತು, ಯಾರಿಂದ ಬರಬೇಕಿತ್ತು ಎಂಬ ಲೆಕ್ಕ ಮನೆಯ ಹಿರಿಯರದು, ನಿಮ್ಮದಲ್ಲ.

ಹೆಣ್ಣುಮಕ್ಕಳು ಮಾತಾಡಬಹುದೇ?

ಕೆಲವು ಸಮಾಜಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನವರೆಗೂ ಬರುತ್ತಾರೆ, ಕೆಲವರಲ್ಲಿ ಊರ ಅಗಸಿಯವರೆಗೆ, ಕೆಲವರಲ್ಲಿ ಮನೆಯ ಬಾಗಿಲವರೆಗೆ. ಬಂದಲ್ಲಿ ಧಾರಾಳವಾಗಿ ಮಾತಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೀರಿಕೊಂಡವಳು ಹೆಂಗಸಾಗಿದ್ದರಂತೂ ಅವಳ ದುಡಿಮೆಯನ್ನು ಹತ್ತಿರದಿಂದ ಕಂಡವರು ಅವಳ ಜೊತೆ ಕಳೆ ತೆಗೆದವರು, ಅಂಗನವಾಡಿಯಲ್ಲಿ ಜೊತೆಗಿದ್ದವರು. ಅವರನ್ನು ಬಿಟ್ಟು ಅವಳನ್ನು ನೋಡಿಯೇ ಇರದ ಮುಖಂಡರಿಂದ ಮಾತಾಡಿಸುವುದು ಸರಿಯಲ್ಲ. ಮಣ್ಣಿಗೆ ಹೋಗುವ ರೂಢಿ ಇಲ್ಲದ ಕಡೆ, ಮನೆಯಂಗಳದಿಂದ ಎತ್ತುವ ಮುಂಚೆ ಅದೇ ನಾಲ್ಕು ವಾಕ್ಯ ಹೇಳಬಹುದು. ಅಲ್ಲಿ ಅಳುವಿನ ದನಿ ಜೋರಾಗಿರುತ್ತದೆ, ಹಾಡಿ ಅಳುವವರೂ ಇರುತ್ತಾರೆ. ಅವರನ್ನು ತಡೆಯದೆ ಒಂದು ಬಿಡುವು ಬರುವವರೆಗೆ ಕಾಯಬೇಕು.

ನನ್ನ ಕೈಲಿ ಆಗದು ಎನ್ನಬಹುದೇ?

ಎನ್ನಬಹುದು. ತಲೆಯಾಡಿಸಿ ಹಿಂದೆ ಸರಿದರೆ ಮಾತ್ರ ಮನೆಯವರಿಗೆ ಏನೋ ಮನಸ್ತಾಪವಿದೆ ಅನಿಸಬಹುದು. ಒಂದು ಹೆಜ್ಜೆ ಮುಂದೆ ಬಂದು "ನನ್ನ ಬಾಯಿಂದ ಮಾತು ಹೊಂಡವಲ್ದು, ಅಣ್ಣಾರು ನನಗ ಬಾಳ ಬೇಕಾದವರು" ಅಂದು ಕೈ ಮುಗಿಯಿರಿ.

ಮುಗಿದ ಮೇಲೆ ಏನು ಮಾಡಬೇಕು?

ಮನೆಯವರ ಹತ್ತಿರ ಹೋಗಿ ಅದನ್ನೇ ಮತ್ತೆ ವಿವರಿಸಬೇಡಿ. ಹೊರಡುವಾಗ "ಹೋಗಿ ಬರ್ತೀನಿ" ಅನ್ನುವುದು ನಮ್ಮಲ್ಲಿ ಇಲ್ಲ, ಸಾವಿನ ಮನೆಯಿಂದ ಸುಮ್ಮನೆ ಎದ್ದು ಹೊರಡುವುದೇ ರೂಢಿ. ಹೇಳಬೇಕಿದ್ದ ಇನ್ನೆರಡು ಸಂಗತಿ ದಾರಿಯಲ್ಲಿ ನೆನಪಾಗುತ್ತವೆ, ಎಲ್ಲರಿಗೂ ಹಾಗೇ. ಅವನ್ನು ದಿನಕರ್ಮಕ್ಕೆ ಹೋದಾಗ ಊಟದ ನಂತರ ಮಕ್ಕಳ ಪಕ್ಕದಲ್ಲಿ ಕೂತು ಹೇಳಿ. ಆ ಹೊತ್ತಿಗೆ ನೆಂಟರ ಗದ್ದಲ ತಗ್ಗಿರುತ್ತದೆ, ಅವರೂ ಅಪ್ಪನ ಬಗ್ಗೆ ನಿಮ್ಮನ್ನು ತಿರುಗಿ ಒಂದೆರಡು ಪ್ರಶ್ನೆ ಕೇಳುತ್ತಾರೆ.